ಒಪ್ಪಿಕೊಂಡ ಆಫರ್, ಕೊಟ್ಟಾಗಿದ್ದ ರಾಜೀನಾಮೆ: ಕಲಬುರಗಿಯ ಒಂದು ಪ್ರಕರಣ

ಏಪ್ರಿಲ್ 2ರ ಸಂಜೆ ಆಕೆ ತಂದೆಯ ಜೊತೆ ನನ್ನ ಕಚೇರಿಗೆ ಬಂದಳು. ವಯಸ್ಸು 28. ಕಲಬುರಗಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ನಾಲ್ಕು ವರ್ಷದಿಂದ ಲ್ಯಾಬ್ ಟೆಕ್ನಿಷಿಯನ್. ತಿಂಗಳಿಗೆ 24,000 ರೂಪಾಯಿ ಸಂಬಳ. ಬೀದರ್‌ನ ಕೊಳಾರ ಕೈಗಾರಿಕಾ ಪ್ರದೇಶದಲ್ಲಿರುವ ಒಂದು ಔಷಧ ಕಾರ್ಖಾನೆ ಗುಣಮಟ್ಟ ಪರೀಕ್ಷೆ ವಿಭಾಗದಲ್ಲಿ 34,000 ರೂಪಾಯಿಯ ಕೆಲಸ ಕೊಡುತ್ತೇವೆ ಅಂದಿತ್ತು. ಆಕೆ ಒಪ್ಪಿದ್ದಳು, ಆಸ್ಪತ್ರೆಗೆ ರಾಜೀನಾಮೆ ಕೊಟ್ಟಿದ್ದಳು. ಆಮೇಲೆ ಕಂಪನಿಯಿಂದ ಎರಡು ಸಾಲಿನ ಇಮೇಲ್ ಬಂತು: ವ್ಯಾಪಾರದ ಕಾರಣಗಳಿಂದ ಈ ಹುದ್ದೆಯನ್ನು ಕೈಬಿಟ್ಟಿದ್ದೇವೆ, ಆಫರ್ ವಾಪಸ್ ಪಡೆದಿದ್ದೇವೆ.

ತಂದೆ ಕೇಳಿದ್ದು ಒಂದೇ ಪ್ರಶ್ನೆ. "ವಕೀಲರ, ಹಿಂಗ ಕೊಟ್ಟ ಕೆಲಸ ವಾಪಸ್ ತಗೋಬಹುದೇನ್ರಿ?"

ಈ ಒಂದು ಪ್ರಶ್ನೆಯಲ್ಲಿ ಎರಡು ಪ್ರಶ್ನೆ ಇವೆ. ಕಂಪನಿ ಬೇಡ ಅಂದ ಮೇಲೂ ಅವರ ಕೈಯಿಂದ ಆ ಕೆಲಸ ಕೊಡಿಸಬಹುದಾ ಅನ್ನುವುದು ಒಂದು. ಕೊಡದೇ ಹೋದರೆ ಅವರು ಹಣ ಕಟ್ಟಬೇಕಾ ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಹೆಚ್ಚುಕಡಿಮೆ ಇಲ್ಲ. ಎರಡನೆಯದಕ್ಕೆ ಹೌದು, ಆದರೆ ಎಷ್ಟು ಅನ್ನುವುದು ಆಫರ್ ಲೆಟರ್‌ನ ಒಳಗೆ ಯಾರೂ ಓದದ ಒಂದು ಸಾಲಿನ ಮೇಲೆ ನಿಂತಿರುತ್ತದೆ. ಈ ಪ್ರಕರಣವನ್ನು ಬರೆಯುತ್ತಿರುವುದೇ ಆ ಸಾಲಿಗಾಗಿ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

ಮೊದಲು ತಾರೀಖುಗಳು. ಇಂಥ ಪ್ರಕರಣದಲ್ಲಿ ತಾರೀಖುಗಳೇ ಅರ್ಧ ಕೆಲಸ ಮಾಡುತ್ತವೆ. ಮಾರ್ಚ್ 3ಕ್ಕೆ ಆಫರ್ ಲೆಟರ್ ಇಮೇಲ್‌ನಲ್ಲಿ ಬಂತು. ಮೂರು ದಿನದೊಳಗೆ ಒಪ್ಪಿಗೆ ಕೊಡಬೇಕು ಅಂತ ಅದರಲ್ಲಿತ್ತು. ಮಾರ್ಚ್ 5ಕ್ಕೆ ಆಕೆ ಸಹಿ ಮಾಡಿದ ಪ್ರತಿ ಕಳಿಸಿದಳು. 6ಕ್ಕೆ ಆಸ್ಪತ್ರೆಗೆ ರಾಜೀನಾಮೆ. ಅಲ್ಲಿ 30 ದಿನದ ನೋಟಿಸ್ ಇದ್ದದ್ದರಿಂದ ಕೊನೆಯ ದಿನ ಏಪ್ರಿಲ್ 5. ಬೀದರ್‌ನಲ್ಲಿ ಸೇರಬೇಕಾದದ್ದು ಏಪ್ರಿಲ್ 8. ನಡುವೆ ಮಾರ್ಚ್ 22ಕ್ಕೆ ಕಂಪನಿಯ ಎಚ್‌ಆರ್‌ನಿಂದ ಇನ್ನೊಂದು ಇಮೇಲ್: ದಾಖಲೆ ಪರಿಶೀಲನೆ ಮುಗಿದಿದೆ, ವೈದ್ಯಕೀಯ ವರದಿ ಸರಿ ಇದೆ. ಮಾರ್ಚ್ 28ಕ್ಕೆ ಆಫರ್ ವಾಪಸ್.

ಆಕೆ ನನ್ನ ಹತ್ತಿರ ಬಂದದ್ದು ಐದು ದಿನ ಬಿಟ್ಟು. ಆ ಐದು ದಿನ ಎಚ್‌ಆರ್ ಜೊತೆ ಫೋನಿನಲ್ಲಿ ಕಳೆದಿದ್ದವು. "ಎರಡು ಮೂರು ವಾರ ತಡೀರಿ ಮೇಡಂ, ಮತ್ತೆ ನೋಡೋಣ" ಅಂದಿದ್ದರಂತೆ. ಇದೇ ನನಗೆ ತುಂಬಾ ಬೇಸರ ತಂದ ಮಾತು. ಅವರು ಹೇಳಿದ ಆ ಎರಡು ಮೂರು ವಾರದಲ್ಲಿ ಆಕೆಯ ಹಳೆಯ ಕೆಲಸವೂ ಮುಗಿದುಹೋಗುತ್ತಿತ್ತು.

ಹಾಗಾಗಿ ಅವತ್ತು ಸಂಜೆ ಕಂಪನಿಯ ವಿಷಯ ಬದಿಗಿಟ್ಟೆವು. ಮೊದಲು ಬರೆದದ್ದು ಆಸ್ಪತ್ರೆಗೆ ಪತ್ರ: ಮಾರ್ಚ್ 6ರ ನನ್ನ ರಾಜೀನಾಮೆಯನ್ನು ವಾಪಸ್ ಪಡೆಯುತ್ತಿದ್ದೇನೆ, ಕೆಲಸದಲ್ಲಿ ಮುಂದುವರಿಯಲು ಸಿದ್ಧಳಿದ್ದೇನೆ. ಇದು ಯಾಕೆ ತುರ್ತು ಅಂದರೆ, ಮುಂದಿನ ತಾರೀಖಿನಿಂದ ಜಾರಿಗೆ ಬರುವ ರಾಜೀನಾಮೆಯನ್ನು ಆ ತಾರೀಖು ಬರುವ ಮೊದಲು ವಾಪಸ್ ತೆಗೆದುಕೊಳ್ಳಬಹುದು. ಸುಪ್ರೀಂ ಕೋರ್ಟ್ ಇದನ್ನು ಹಲವು ಸಲ ಹೇಳಿದೆ. ನಮ್ಮ ರಾಜ್ಯದ್ದೇ ಒಂದು ಪ್ರಕರಣ ಇದೆ, ಬಿಇಎಂಎಲ್ ನೌಕರ ಶ್ರೀಕಂಠ ಅವರದ್ದು. 1993ರ ಜನವರಿ 4ಕ್ಕೆ ರಾಜೀನಾಮೆ ಕೊಟ್ಟಿದ್ದರು. ಅದನ್ನು ಒಪ್ಪಿಕೊಂಡಿದ್ದರೂ ಬಿಡುಗಡೆ ಜನವರಿ 15ಕ್ಕೆ ಎಂದಾಗಿತ್ತು. ಅವರು ಜನವರಿ 8ಕ್ಕೇ ವಾಪಸ್ ಪತ್ರ ಕೊಟ್ಟರು. 2005ರಲ್ಲಿ ಸುಪ್ರೀಂ ಕೋರ್ಟ್ ಅವರ ಪರವಾಗಿ ತೀರ್ಪು ಕೊಟ್ಟಿತು. ರಾಜೀನಾಮೆಯನ್ನು ಒಪ್ಪಿಕೊಂಡ ಮೇಲೂ ಬಿಡುಗಡೆಯ ದಿನದವರೆಗೆ ದಾರಿ ತೆರೆದಿತ್ತು, ಅಲ್ವಾ. ತುಂಬಾ ಜನ ಒಪ್ಪಿಕೊಂಡ ದಿನವೇ ಎಲ್ಲ ಮುಗಿಯಿತು ಅಂತ ಸುಮ್ನೆ ಕೂರುತ್ತಾರೆ.

ಆದರೆ ಬಿಇಎಂಎಲ್ ಸರ್ಕಾರಿ ಸ್ವಾಮ್ಯದ ಸಂಸ್ಥೆ. ಖಾಸಗಿ ಆಸ್ಪತ್ರೆ ಇಲ್ಲ ಅಂದರೆ ಕೋರ್ಟ್ ಮೂಲಕ ಅದೇ ಕುರ್ಚಿಯಲ್ಲಿ ಕೂರುವುದು ಕಷ್ಟ. ಅದನ್ನು ಆಕೆಗೆ ಮುಚ್ಚಿಡದೆ ಹೇಳಿದೆ. ಮಾರನೇ ದಿನ ಬೆಳಿಗ್ಗೆ ಪತ್ರ ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಸ್ವೀಕೃತಿ ಸಹಿ ತೆಗೆದುಕೊಂಡು ಬಂದಳು. ಆಡಳಿತಾಧಿಕಾರಿ ಒಳ್ಳೆಯ ಮಾತೇ ಆಡಿದರಂತೆ. ಆದರೆ ಆಕೆಯ ಜಾಗಕ್ಕೆ ಬೇರೆಯವರನ್ನು ಏಪ್ರಿಲ್ 1ಕ್ಕೇ ತೆಗೆದುಕೊಂಡಾಗಿತ್ತು. ಮಾರ್ಚ್ 28ರ ಸಂಜೆಯೇ ಹೋಗಿದ್ದರೆ ಏನಾಗುತ್ತಿತ್ತೋ. ಆಡಳಿತಾಧಿಕಾರಿಯೂ ಅದೇ ಮಾತು ಹೇಳಿದರಂತೆ, "ನಾಲ್ಕು ದಿನ ಮೊದಲು ಬರಬೇಕಿತ್ತಮ್ಮಾ." ಆ ದಾರಿ ಅಲ್ಲಿಗೆ ಮುಚ್ಚಿತು. ಏಪ್ರಿಲ್ 5ಕ್ಕೆ ರಿಲೀವಿಂಗ್ ಲೆಟರ್ ಕೈಗೆ ಬಂತು.

ಇನ್ನು ಕಂಪನಿ. ಆಫರ್ ಅನ್ನುವುದು ಯಾವಾಗ ಕರಾರು ಆಗುತ್ತದೆ? 1872ರ ಭಾರತೀಯ ಕರಾರು ಕಾಯ್ದೆಯ 5ನೇ ಕಲಂ ಪ್ರಕಾರ, ಪ್ರಸ್ತಾವ ಇಟ್ಟವರು ಅದನ್ನು ವಾಪಸ್ ಪಡೆಯಬಹುದು, ಆದರೆ ಒಪ್ಪಿಗೆ ಅವರ ಕಡೆಗೆ ಹೊರಡುವ ತನಕ ಮಾತ್ರ. ಆಕೆ ಒಪ್ಪಿಗೆಯ ಇಮೇಲ್ ಕಳಿಸಿದ ಮೇಲೆ ಆ ಬಾಗಿಲು ಮುಚ್ಚಿತು. ಅಲ್ಲಿಂದ ಮುಂದೆ ಕಂಪನಿ ಮಾಡಿದ್ದು ಆಫರ್ ವಾಪಸ್ ಅಲ್ಲ, ಕರಾರು ಮುರಿದದ್ದು. ಇಮೇಲ್‌ನಲ್ಲಿ ಆದ ಕರಾರೂ ಕರಾರೇ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 10ಎ ಕಲಂ ಇದನ್ನು ಸ್ಪಷ್ಟವಾಗಿ ಹೇಳುತ್ತದೆ.

ಆದರೆ ಆಕೆಯ ಒಪ್ಪಿಗೆಯ ಇಮೇಲ್ ಓದುವಾಗ ಒಂದು ಕ್ಷಣ ನನ್ನ ಎದೆ ಧಸಕ್ಕೆಂದಿತು. ಅದರಲ್ಲಿ ಹೀಗಿತ್ತು: "ಆಫರ್ ಒಪ್ಪಿಕೊಂಡಿದ್ದೇನೆ. ಸಾಧ್ಯವಿದ್ದರೆ 8ರ ಬದಲು 12ಕ್ಕೆ ಸೇರಲು ಅವಕಾಶ ಕೊಡಿ." ಕಾಯ್ದೆಯ 7ನೇ ಕಲಂ ಪ್ರಕಾರ ಒಪ್ಪಿಗೆಗೆ ಯಾವ ಷರತ್ತೂ ಇರಬಾರದು. ಆಕೆ "12ನೇ ತಾರೀಖು ಕೊಟ್ಟರೆ ಒಪ್ಪುತ್ತೇನೆ" ಅಂತ ಬರೆದಿದ್ದರೆ ಅದು ಒಪ್ಪಿಗೆಯೇ ಅಲ್ಲ, ಆಕೆಯ ಕಡೆಯಿಂದ ಹೊಸ ಪ್ರಸ್ತಾವ. ಆಗ ಕಂಪನಿಯ ಆಫರ್ ಅಲ್ಲೇ ಬಿದ್ದುಹೋಗುತ್ತಿತ್ತು. ಪುಣ್ಯಕ್ಕೆ ಆಕೆ ಮೊದಲು ಒಪ್ಪಿ, ಆಮೇಲೆ ವಿನಂತಿ ಮಾಡಿದ್ದಳು. ಕಂಪನಿ "8ಕ್ಕೇ ಬನ್ನಿ" ಅಂದಾಗ "ಸರಿ, ಬರುತ್ತೇನೆ" ಅಂತ ಅವತ್ತೇ ಉತ್ತರವನ್ನೂ ಕೊಟ್ಟಿದ್ದಳು. ಎರಡು ಇಮೇಲ್‌ಗಳೂ ಮೂರು ದಿನದ ಗಡುವಿನೊಳಗೆ ಇದ್ದವು.

ಏಪ್ರಿಲ್ 10ಕ್ಕೆ ಕಂಪನಿಯ ಹೈದರಾಬಾದ್ ಮುಖ್ಯ ಕಚೇರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಲೀಗಲ್ ನೋಟಿಸ್ ಕಳಿಸಿದೆವು. ಅದಕ್ಕೂ ಮೊದಲು ತಂದೆ ಬೇರೆ ಎರಡು ಬಾಗಿಲು ತಟ್ಟಿದ್ದರು. ಕಾರ್ಮಿಕ ಇಲಾಖೆಯಲ್ಲಿ, ಇವರು ಇನ್ನೂ ಆ ಕಂಪನಿಗೆ ಸೇರಿಯೇ ಇಲ್ಲವಲ್ಲ ಅಂದರು. ಅದು ಸರಿಯಾದ ಮಾತೇ. ಕೈಗಾರಿಕಾ ವಿವಾದದ ಕಾನೂನು ಕೆಲಸಕ್ಕೆ ಸೇರಿದವರಿಗೆ. ಪೊಲೀಸ್ ಠಾಣೆಯಲ್ಲಿ ಇದು ಸಿವಿಲ್ ವಿಷಯ ಅಂದರು. ಅದೂ ಸರಿ. ವಂಚನೆ ಅನ್ನಬೇಕಾದರೆ ಆಫರ್ ಕೊಡುವಾಗಲೇ ಮೋಸದ ಉದ್ದೇಶ ಇತ್ತು ಅಂತ ತೋರಿಸಬೇಕು. ಕೆಲಸ ಕೊಡಿಸುತ್ತೇನೆ ಅಂತ ಹಣ ಪಡೆದವರ ಕಥೆ ಬೇರೆ. ಇಲ್ಲಿ ಅಂಥದ್ದೇನೂ ಇರಲಿಲ್ಲ.

ಕಂಪನಿಯ ವಕೀಲರ ಉತ್ತರದಲ್ಲಿ ಮೂರು ಮಾತಿದ್ದವು. ಒಂದು, ಇದು ಬರೀ ಆಫರ್ ಲೆಟರ್, ನೇಮಕಾತಿ ಆದೇಶವನ್ನು ಸೇರಿದ ದಿನ ಕೊಡುತ್ತೇವೆ ಅಂತ ಬರೆದಿದೆ, ಹಾಗಾಗಿ ಕರಾರೇ ಆಗಿಲ್ಲ. ಈ ಮಾತಿಗೆ ಹೆದರಬೇಕಿಲ್ಲ. ಕಾಗದದ ತಲೆಬರಹ ಏನಿದ್ದರೂ ಅದರಲ್ಲಿ ಹುದ್ದೆ, ಸಂಬಳ, ಸ್ಥಳ, ಸೇರುವ ದಿನ, ಪ್ರೊಬೇಷನ್, ನೋಟಿಸ್ ಎಲ್ಲ ಇತ್ತು. ಇನ್ನು ಮಾತಾಡಿ ತೀರ್ಮಾನಿಸಲು ಏನೂ ಉಳಿದಿರಲಿಲ್ಲ.

ಎರಡನೆಯದು, ಆಫರ್ ಷರತ್ತುಬದ್ಧವಾಗಿತ್ತು. ಹೌದು, ಇತ್ತು. ದಾಖಲೆ ಪರಿಶೀಲನೆ, ವೈದ್ಯಕೀಯ ಪರೀಕ್ಷೆ, ಹಿಂದಿನ ಸಂಸ್ಥೆಯ ರಿಲೀವಿಂಗ್ ಲೆಟರ್. ಈ ಷರತ್ತುಗಳು ನಿಜಕ್ಕೂ ಗಟ್ಟಿ. ಅಂಕಪಟ್ಟಿಯಲ್ಲಿ ತಪ್ಪು ಸಿಕ್ಕಿದ್ದರೆ, ವೈದ್ಯಕೀಯ ವರದಿ ಸರಿ ಬಂದಿರದಿದ್ದರೆ, ಕಂಪನಿ ವಾಪಸ್ ಪಡೆಯಬಹುದಿತ್ತು, ಒಂದು ರೂಪಾಯಿ ಕೊಡಬೇಕಾಗಿರಲಿಲ್ಲ. ಆಫರ್ ಬಂದ ಕೂಡಲೇ ರಾಜೀನಾಮೆ ಕೊಡುವವರು ಎಡವುವುದು ಇಲ್ಲೇ. ಆದರೆ ಮಾರ್ಚ್ 22ರ ಇಮೇಲ್ ನಮ್ಮ ಕೈಯಲ್ಲಿತ್ತು. ಮೊದಲೆರಡು ಷರತ್ತು ತೀರಿದ್ದವು. ಮೂರನೆಯದಕ್ಕೆ ಇನ್ನೂ ಸಮಯ ಇತ್ತು. ಆಫರ್ ಲೆಟರ್‌ನಲ್ಲಿ ಇನ್ನೊಂದು ಸಾಲೂ ಇತ್ತು: "ಅಭ್ಯರ್ಥಿ ಕೊಟ್ಟ ಮಾಹಿತಿ ಸುಳ್ಳಾಗಿದ್ದರೆ ಆಫರ್ ರದ್ದು ಮಾಡುವ ಹಕ್ಕು ಕಂಪನಿಗಿದೆ." ರದ್ದಿಗೆ ಒಂದು ಕಾರಣ ಬರೆದುಕೊಂಡವರು ಆಮೇಲೆ ಬೇರೆ ಕಾರಣ ತರುವುದು ಹೇಗೆ ಅಂತ ಕೇಳಿದೆವು. "ಯಾವಾಗ ಬೇಕಾದರೂ, ಯಾವ ಕಾರಣವೂ ಇಲ್ಲದೆ ರದ್ದು ಮಾಡಬಹುದು" ಅಂತ ಕೆಲವು ಪತ್ರಗಳಲ್ಲಿ ಇರುತ್ತದೆ. ಆಕೆಯ ಪತ್ರದಲ್ಲಿ ಅದಿದ್ದಿದ್ದರೆ ನಮ್ಮ ಕಾಲು ಇಷ್ಟು ಗಟ್ಟಿಯಾಗಿ ನಿಲ್ಲುತ್ತಿರಲಿಲ್ಲ.

ಮೂರನೇ ಮಾತೇ ನಿಜವಾದದ್ದು. ನಾನು ಮೊದಲು ಹೇಳಿದ ಆ ಸಾಲು ಇದೇ. ಆಫರ್ ಲೆಟರ್‌ನ ಎರಡನೇ ಪುಟದಲ್ಲಿ ಹೀಗಿತ್ತು: ಪ್ರೊಬೇಷನ್ ಆರು ತಿಂಗಳು. ಆ ಅವಧಿಯಲ್ಲಿ ಯಾರು ಬೇಕಾದರೂ 15 ದಿನದ ನೋಟಿಸ್ ಕೊಟ್ಟು, ಅಥವಾ ಅಷ್ಟು ದಿನದ ಸಂಬಳ ಕೊಟ್ಟು, ಕೆಲಸ ಮುಗಿಸಬಹುದು. ಅವರ ವಾದ ಸರಳ. ಆಕೆ ಏಪ್ರಿಲ್ 8ಕ್ಕೆ ಸೇರಿದ್ದರೂ ಅದೇ ದಿನ 15 ದಿನದ ಸಂಬಳ ಕೊಟ್ಟು ಕಳಿಸಬಹುದಿತ್ತು. ಹಾಗಾದರೆ ಆಕೆಗಾದ ನಷ್ಟ ಅಷ್ಟೇ, 17,000 ರೂಪಾಯಿ.

ಈ ವಾದವನ್ನು ತಳ್ಳಿಹಾಕಲು ಆಗುವುದಿಲ್ಲ. ಭಾರತ್ ನಿಧಿ ಸಂಸ್ಥೆಯ ವಿರುದ್ಧ ಎಸ್.ಎಸ್. ಶೆಟ್ಟಿ ಎಂಬವರ ಪ್ರಕರಣದಲ್ಲಿ 1957ರಲ್ಲೇ ಸುಪ್ರೀಂ ಕೋರ್ಟ್ ಈ ಲೆಕ್ಕ ಹೇಳಿದೆ. ನೋಟಿಸ್ ಕೊಟ್ಟು ಮುಗಿಸಬಹುದು ಅಂತ ಕರಾರಿನಲ್ಲೇ ಇದ್ದರೆ, ಸಾಮಾನ್ಯವಾಗಿ ನಷ್ಟ ಪರಿಹಾರ ಆ ನೋಟಿಸ್ ಅವಧಿಯ ಸಂಬಳದಷ್ಟು. ಕೆಲಸವನ್ನೇ ಕೊಡಿಸಿ ಅನ್ನೋಣ ಅಂದರೆ, 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 14ನೇ ಕಲಂ ಅಡ್ಡ ಬರುತ್ತದೆ. ವ್ಯಕ್ತಿಗತ ಸೇವೆಯ ಕರಾರನ್ನು, ಅದರಲ್ಲೂ ಯಾವಾಗ ಬೇಕಾದರೂ ಮುಗಿಸಬಹುದಾದ ಕರಾರನ್ನು, ಕೋರ್ಟ್ ಬಲವಂತವಾಗಿ ನಡೆಸುವುದಿಲ್ಲ. ಇದನ್ನು ಕೇಳಿ ತಂದೆಯ ಮುಖ ಸಣ್ಣದಾಯಿತು. "ಹಂಗಾದ್ರ ನಾಲ್ಕು ವರ್ಷದ ನೌಕರಿಗೆ ಹದಿನೇಳು ಸಾವಿರ ಏನ್ರಿ?"

ಅವರ ಸಂಕಟ ನ್ಯಾಯವಾದದ್ದು. ನಾವು ಹಿಡಿದ ಎಳೆಯೂ ಅದೇ. ಕರಾರು ಕಾಯ್ದೆಯ 73ನೇ ಕಲಂ ಎರಡು ಬಗೆಯ ನಷ್ಟವನ್ನು ಹೇಳುತ್ತದೆ. ಸಹಜವಾಗಿ ಆಗುವ ನಷ್ಟ ಒಂದು. ಕರಾರು ಮುರಿದರೆ ಇಂಥದ್ದಾಗಬಹುದು ಅಂತ ಕರಾರು ಮಾಡುವಾಗಲೇ ಎರಡೂ ಕಡೆಯವರಿಗೆ ಗೊತ್ತಿದ್ದ ನಷ್ಟ ಇನ್ನೊಂದು. ಕಂಪನಿಗೆ ಗೊತ್ತಿತ್ತಾ? ರಿಲೀವಿಂಗ್ ಲೆಟರ್ ತರಬೇಕು ಅಂತ ಬರೆದದ್ದು ಅವರೇ. ಅಂದರೆ ಹಳೆಯ ಕೆಲಸ ಬಿಟ್ಟು ಬಾ ಅಂತ ಹೇಳಿದ್ದೇ ಅವರು. ಮಾರ್ಚ್ 7ಕ್ಕೆ ರಾಜೀನಾಮೆ ಸ್ವೀಕಾರವಾದ ಪತ್ರವನ್ನೂ ಅವರೇ ಕೇಳಿ ತರಿಸಿಕೊಂಡಿದ್ದರು. ಆ ಇಮೇಲ್ ನಮ್ಮ ಮುಖ್ಯ ದಾಖಲೆಯಾಯಿತು. 15 ದಿನದ ನೋಟಿಸ್ ಕೆಲಸಕ್ಕೆ ಸೇರಿದ ಮೇಲಿನ ಮಾತು, ಸೇರಿಸಿಕೊಳ್ಳದೇ ಇದ್ದದ್ದಕ್ಕೆ ಅದು ಮಿತಿಯಾಗುವುದಿಲ್ಲ ಅಂತ ವಾದ ಇಟ್ಟೆವು. ಕೋರ್ಟಿನಲ್ಲಿ ಇದು ಗೆದ್ದೇ ಗೆಲ್ಲುವ ವಾದ ಅಂತ ನಾನು ಆಕೆಗೆ ಹೇಳಲಿಲ್ಲ. ಆದರೆ ರಾಜಿ ಮೇಜಿನ ಮೇಲೆ ಅದಕ್ಕೆ ತೂಕ ಇತ್ತು.

ನಮ್ಮ ಬೇಡಿಕೆಯ ಲೆಕ್ಕ ಹೀಗಿತ್ತು. ಎರಡು ತಿಂಗಳ ಹೊಸ ಸಂಬಳ, 68,000. ಬೀದರ್‌ನ ನೌಬಾದ್‌ನಲ್ಲಿ ಬಾಡಿಗೆ ಮನೆಗೆ ಕೊಟ್ಟ 20,000 ಮುಂಗಡದಲ್ಲಿ ಮನೆಯವರು 12,000 ವಾಪಸ್ ಕೊಟ್ಟಿದ್ದರು, ಉಳಿದ 8,000 ಹೋಗಿತ್ತು. ಕಂಪನಿ ಹೇಳಿದ ಲ್ಯಾಬಿನಲ್ಲೇ ಮಾಡಿಸಿದ ವೈದ್ಯಕೀಯ ಪರೀಕ್ಷೆಗೆ 1,800. ಒಟ್ಟು 77,800. ಮನೆ ಮಾಲೀಕರಿಂದ ಒಂದು ಚೀಟಿ, ಲ್ಯಾಬಿನ ರಸೀದಿ, ಎಲ್ಲ ಇಟ್ಟುಕೊಂಡಿದ್ದೆವು. ಮನಸ್ಸಿಗಾದ ನೋವಿಗೆ ಐದು ಲಕ್ಷ ಕೇಳೋಣ ಅಂತ ಆಕೆಯ ಅಣ್ಣ ಅಂದ. ನಾನು ಬೇಡ ಅಂದೆ. ರಸೀದಿ ಇಲ್ಲದ ದೊಡ್ಡ ಮೊತ್ತ ಕೇಳಿದರೆ, ರಸೀದಿ ಇರುವ ಸಣ್ಣ ಮೊತ್ತಕ್ಕೂ ಬೆಲೆ ಕಡಿಮೆಯಾಗುತ್ತದೆ.

ಅದೇ ಹೊತ್ತಿಗೆ ಆಕೆಗೆ ಇನ್ನೊಂದು ಕೆಲಸ ಹೇಳಿದೆ. "ನೋಡು ತಂಗಿ, ಬೇರೆ ಕಡೆ ಅರ್ಜಿ ಹಾಕುತ್ತಾ ಇರು, ಹಾಕಿದ್ದಕ್ಕೆಲ್ಲ ದಾಖಲೆ ಇಡು." ನಷ್ಟ ಕಡಿಮೆ ಮಾಡಿಕೊಳ್ಳಲು ಇದ್ದ ದಾರಿಯನ್ನು ಬಳಸಿದಿರಾ ಅಂತ 73ನೇ ಕಲಂನ ವಿವರಣೆಯೇ ಕೇಳುತ್ತದೆ. ಮನೆಯಲ್ಲಿ ಸುಮ್ನೆ ಕೂತವರಿಗೆ ಆ ತಿಂಗಳುಗಳ ಹಣ ಸಿಗುವುದು ಕಷ್ಟ. ಏಪ್ರಿಲ್, ಮೇ ಬಿಸಿಲಿನಲ್ಲಿ ಆಕೆ ಕಲಬುರಗಿ, ಬೀದರ್, ಹುಮನಾಬಾದ್ ಸುತ್ತಿದಳು. ಒಂಬತ್ತು ಕಡೆ ಅರ್ಜಿ ಹಾಕಿದ ಇಮೇಲ್‌ಗಳು ಕಡತದಲ್ಲಿ ಕೂತವು. ರಾಜೀನಾಮೆ ವಾಪಸ್ ಕೇಳಿ ಆಸ್ಪತ್ರೆಗೆ ಕೊಟ್ಟ ಪತ್ರವೂ ಇಲ್ಲಿ ಕೆಲಸಕ್ಕೆ ಬಂತು. ಕೆಲಸ ಸಿಗದಿದ್ದರೂ ಆಕೆ ಪ್ರಯತ್ನಪಟ್ಟಿದ್ದಕ್ಕೆ ಅದು ಮೊದಲ ಸಾಕ್ಷಿ.

ದಾವೆ ಹಾಕಬಹುದಿತ್ತು. ಕರಾರು ಮುರಿದದ್ದಕ್ಕೆ ಮೂರು ವರ್ಷದ ಕಾಲಮಿತಿ ಇದೆ. ಆದರೆ ಆಫರ್ ಲೆಟರ್‌ನಲ್ಲಿ ಹೈದರಾಬಾದ್ ಕೋರ್ಟುಗಳಿಗೆ ಮಾತ್ರ ಅಧಿಕಾರ ಅಂತ ಬರೆದಿತ್ತು. ಕಂಪನಿಯ ಮುಖ್ಯ ಕಚೇರಿ ಅಲ್ಲೇ ಇರುವಾಗ ಅಂಥ ಷರತ್ತನ್ನು ಕೋರ್ಟುಗಳು ಸಾಮಾನ್ಯವಾಗಿ ಒಪ್ಪುತ್ತವೆ. ಅಂದರೆ ಕಲಬುರಗಿಯಿಂದ ಅಲ್ಲಿಗೆ ಓಡಾಟ, ಅಲ್ಲಿಯ ವಕೀಲರ ಶುಲ್ಕ, ವರ್ಷಗಟ್ಟಲೆ ಕಾಯುವುದು. ಇದೆಲ್ಲ ಆದ ಮೇಲೂ ಕೈಗೆ 17,000 ಮಾತ್ರ ಬರುವ ಸಾಧ್ಯತೆ ಇತ್ತು. ಹೆಣ್ಣುಮಕ್ಕಳಿಗೆ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ, ಅದನ್ನೂ ತಿಳಿಸಿದೆ. ಆಕೆ ಒಂದು ದಿನ ಯೋಚಿಸಿ, ರಾಜಿಗೆ ಬಂದರೆ ನೋಡೋಣ ಸರ್ ಅಂದಳು.

ಸರ್ಕಾರಿ ನೇಮಕಾತಿ ಆಗಿದ್ದರೆ ದಾರಿಯೇ ಬೇರೆ ಇರುತ್ತಿತ್ತು. ಅಲ್ಲಿ ಆಯ್ಕೆ ಪಟ್ಟಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಹುದ್ದೆಯ ಹಕ್ಕು ಬರುವುದಿಲ್ಲ ಅಂತ 1991ರ ಶಂಕರ್ಸನ್ ದಾಸ್ ತೀರ್ಪು ಹೇಳುತ್ತದೆ. ಆದರೆ ಸರ್ಕಾರ ಮನಸ್ಸಿಗೆ ಬಂದಂತೆ ನಡೆಯುವಂತಿಲ್ಲ ಅಂತಲೂ ಅದೇ ತೀರ್ಪು ಹೇಳುತ್ತದೆ. ಆಗ ಹೈಕೋರ್ಟಿನ ಕಲಬುರಗಿ ಪೀಠಕ್ಕೆ ರಿಟ್ ಅರ್ಜಿ ಹಾಕಬಹುದು. ಖಾಸಗಿ ಕಂಪನಿಯ ಮೇಲೆ ಆ ದಾರಿ ಇಲ್ಲ.

ಮೇ ಮೂರನೇ ವಾರದಲ್ಲಿ ಕಂಪನಿಯ ವಕೀಲರು ಫೋನ್ ಮಾಡಿದರು. ಮೊದಲು 17,000 ಅಂದರು. ಆಮೇಲೆ 25,000. ಮಾರ್ಚ್ 7ರ ಮತ್ತು 22ರ ಇಮೇಲ್‌ಗಳನ್ನು ಮತ್ತೊಮ್ಮೆ ಕಳಿಸಿದೆ. ಕೊನೆಗೆ ಒಂದು ತಿಂಗಳ ಸಂಬಳ 34,000, ಮನೆ ಮುಂಗಡದ 8,000, ಪರೀಕ್ಷೆಯ 1,800, ಒಟ್ಟು 43,800ಕ್ಕೆ ಒಪ್ಪಿದರು. ಇನ್ನು ಯಾವ ಬೇಡಿಕೆಯೂ ಇಲ್ಲ ಅಂತ ಆಕೆಯ ಸಹಿ ಕೇಳಿದರು.

ಸಹಿಗೆ ಮೊದಲು ನಾವು ಒಂದು ಪತ್ರ ಕೇಳಿದೆವು. ಇದನ್ನು ಹಣಕ್ಕಿಂತ ಜಾಸ್ತಿ ಹಠ ಹಿಡಿದು ಕೇಳಿದ್ದೇನೆ. ಆಫರ್ ವಾಪಸ್ ಆದದ್ದು ಕಂಪನಿಯ ವ್ಯಾಪಾರದ ಕಾರಣದಿಂದ, ಅಭ್ಯರ್ಥಿಯ ದಾಖಲೆ, ಆರೋಗ್ಯ ಅಥವಾ ನಡತೆಯಲ್ಲಿ ಯಾವ ದೋಷವೂ ಕಂಡಿಲ್ಲ ಅಂತ ಲೆಟರ್‌ಹೆಡ್ ಮೇಲೆ ಬರಬೇಕು. ಮುಂದಿನ ಸಂದರ್ಶನದಲ್ಲಿ ಏಪ್ರಿಲ್, ಮೇ ಯಾಕೆ ಖಾಲಿ ಅಂತ ಕೇಳಿಯೇ ಕೇಳುತ್ತಾರೆ. ಆಗ ಬಾಯಿಮಾತಿನ ವಿವರಣೆ ಸಾಲುವುದಿಲ್ಲ. ಒಂದು ವಾರ ಎಳೆದಾಡಿ ಪತ್ರ ಕೊಟ್ಟರು.

ಈಗ ಯಾರಾದರೂ ಆಫರ್ ಲೆಟರ್ ಹಿಡಿದು ಬಂದರೆ ನಾನು ಸಂಬಳದ ಪುಟ ನೋಡುವುದಿಲ್ಲ. ಪ್ರೊಬೇಷನ್‌ನ ನೋಟಿಸ್ ಎಷ್ಟು ದಿನ ಅಂತ ನೋಡುತ್ತೇನೆ. ಕೆಲಸ ಕೈಕೊಟ್ಟರೆ ಖಚಿತವಾಗಿ ಕೇಳಬಹುದಾದ ಹಣ ಅಷ್ಟೇ. ರಾಜೀನಾಮೆಗೆ ಮೊದಲು ಎಚ್‌ಆರ್‌ಗೆ ಒಂದು ಇಮೇಲ್ ಹಾಕಿಸುತ್ತೇನೆ: "ನೀವು ಕೇಳಿದಂತೆ ರಿಲೀವಿಂಗ್ ಲೆಟರ್ ತರಲು ಈಗಿನ ಕೆಲಸಕ್ಕೆ ರಾಜೀನಾಮೆ ಕೊಡಬೇಕಿದೆ. ದಾಖಲೆ ಪರಿಶೀಲನೆ ಮತ್ತು ವೈದ್ಯಕೀಯ ಪರೀಕ್ಷೆ ಮುಗಿದಿದೆಯೇ, ಸೇರುವ ದಿನ ಖಚಿತವೇ, ದಯವಿಟ್ಟು ತಿಳಿಸಿ." ಉತ್ತರ ಬಂದ ಮೇಲೆ ರಾಜೀನಾಮೆ. ಕೆಲವು ಕಂಪನಿಗಳು ಸೇರಿದ ಮೇಲೆಯೇ ಪರಿಶೀಲನೆ ಮುಗಿಸುತ್ತವೆ. ಅಲ್ಲಿ ಈ ಉತ್ತರ ಪೂರ್ತಿ ಸಿಗುವುದಿಲ್ಲ. ಆದರೂ ಸೇರುವ ದಿನದ ಬಗ್ಗೆ, ರಾಜೀನಾಮೆ ಅವರಿಗೆ ಗೊತ್ತಿದೆ ಅನ್ನುವುದರ ಬಗ್ಗೆ ಒಂದು ಲಿಖಿತ ಸಾಲು ಉಳಿಯುತ್ತದೆ. ನೋಟಿಸ್ ಅವಧಿ ಒಪ್ಪಿಗೆಯ ದಿನದಿಂದಲೇ ಅನ್ವಯ ಅಂತ ಬರೆಸಿಕೊಳ್ಳಲು ಆದರೆ ಇನ್ನೂ ಒಳ್ಳೆಯದು. ಅನುಭವ ಇರುವ ಅಭ್ಯರ್ಥಿಗಳು ಕೇಳಿದಾಗ ಒಪ್ಪಿದ ಕಂಪನಿಗಳನ್ನು ನೋಡಿದ್ದೇನೆ.

ಜೂನ್ 2ಕ್ಕೆ ಆಕೆ ಕಲಬುರಗಿಯಲ್ಲೇ ಒಂದು ಡಯಾಗ್ನೋಸ್ಟಿಕ್ ಲ್ಯಾಬಿಗೆ ಸೇರಿದಳು, 27,000ಕ್ಕೆ. ಸೇರುವ ಮೊದಲು ಆಫರ್ ಲೆಟರ್‌ನ ಫೋಟೋ ವಾಟ್ಸಾಪ್‌ನಲ್ಲಿ ಕಳಿಸಿದ್ದಳು. ಪೂರ್ತಿ ಪತ್ರ ಅಲ್ಲ, ಒಂದೇ ಪುಟ. ಪ್ರೊಬೇಷನ್ ನೋಟಿಸ್ 30 ದಿನ ಅನ್ನುವ ಸಾಲಿನ ಕೆಳಗೆ ಪೆನ್ಸಿಲ್ ಗೆರೆ ಎಳೆದಿದ್ದಳು.